ಮೊಲದ ಕಿವಿ, ಹುಡುಗಿಯ ಜಡೆ, ಲಂಗದ ಅಂಚು: ಡ್ರ್ಯಾಗ್ ಮತ್ತು ಓವರ್‌ಲ್ಯಾಪ್ ಕೈಯಾರೆ ಕೀ ಮಾಡುವ ಬಗೆ

ಮೊಲ ಹಾರಿ ನೆಲಕ್ಕೆ ಬಂತು. ದೇಹ ನಿಂತಿತು. ಕಿವಿಯೂ ಅದೇ ಫ್ರೇಮ್‌ನಲ್ಲಿ ನಿಂತುಬಿಟ್ಟರೆ, ಅದನ್ನು ತಲೆಗೆ ಅಂಟಿಸಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. ಕಿವಿಯ ತುದಿಗೆ ತನ್ನದೇ ತೂಕ ಇದೆ. ಬುಡ ಹೊರಟಾಗ ಅದು ಹಿಂದೆ ಉಳಿಯಬೇಕು, ಬುಡ ನಿಂತಾಗ ಅದು ಮುಂದೆ ಹೋಗಬೇಕು. ಹಿಂದೆ ಉಳಿಯುವುದು ಡ್ರ್ಯಾಗ್. ಸಾಲಾಗಿ ಜೋಡಿಸಿದ ಬೋನ್‌ಗಳ ಚೈನ್‌ನಲ್ಲಿ ಒಂದೊಂದು ಭಾಗ ಒಂದೊಂದು ಹೊತ್ತಿಗೆ ಹೊರಟು, ಒಂದೊಂದು ಹೊತ್ತಿಗೆ ನಿಲ್ಲುವುದು ಓವರ್‌ಲ್ಯಾಪ್.

ಇದಕ್ಕೆ ಎಲ್ಲರೂ ಹೇಳಿಕೊಡುವ ಉಪಾಯ ಒಂದೇ: ಎಲ್ಲ ಬೋನ್‌ಗಳಿಗೂ ಒಂದೇ ಕೀ ಹಾಕಿ, ಆಮೇಲೆ ಒಂದೊಂದನ್ನೂ ಎರಡು ಫ್ರೇಮ್ ತಡವಾಗುವ ಹಾಗೆ ಸರಿಸುತ್ತಾ ಹೋಗಿ. ಅರ್ಧ ಕೆಲಸ ಇದರಿಂದ ಆಗುತ್ತದೆ. ಇನ್ನರ್ಧ ಆಗಬೇಕಾದರೆ ಬುಡ ಹೇಗೆ ಚಲಿಸುತ್ತಿದೆ ಅನ್ನುವುದನ್ನು ಮೊದಲು ನೋಡಬೇಕು. ಬುಡ ಜಾಗ ಬದಲಿಸುತ್ತಿದೆಯೋ ಅಥವಾ ಇದ್ದಲ್ಲೇ ತಿರುಗುತ್ತಿದೆಯೋ? ಎರಡಕ್ಕೂ ಹಾಕುವ ಕೀ ಬೇರೆ ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ.

ಇಲ್ಲಿನ ಲೆಕ್ಕವೆಲ್ಲ ಸೆಕೆಂಡಿಗೆ 24 ಫ್ರೇಮ್‌ನದು. ಸಾಫ್ಟ್‌ವೇರ್ ಬ್ಲೆಂಡರ್. ಮಾಯಾ ಬಳಸುವವರಿಗೂ ಕ್ರಮ ಇದೇ, ಬಟನ್‌ಗಳು ಮಾತ್ರ ಬೇರೆ.

## ಶುರು ಮಾಡುವ ಮುಂಚೆ

ದೇಹದ ಅನಿಮೇಷನ್ ಪೂರ್ತಿ ಮುಗಿದಿರಲಿ. ಬ್ಲಾಕಿಂಗ್ ಹಂತದಲ್ಲೇ ಕಿವಿಗೆ ಕೈ ಹಾಕಬೇಡಿ. ಸೊಂಟದ ಒಂದು ಕೀ ಎರಡು ಫ್ರೇಮ್ ಆಚೀಚೆ ಆದರೆ ಕಿವಿಯ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ. ಸೊಂಟ, ಬೆನ್ನು, ತಲೆ ಮುಗಿಸಿ, ಸ್ಪ್ಲೈನ್‌ಗೆ ತಂದು, ಡೈರೆಕ್ಟರ್ ಒಪ್ಪಿದ ಮೇಲೆ ಕಿವಿ ಎತ್ತಿಕೊಳ್ಳಿ. ಬ್ಲಾಕಿಂಗ್ ತೋರಿಸುವಾಗ ಕಿವಿ ಸುಮ್ನೆ ನೆಟ್ಟಗಿದ್ದರೂ ಪರವಾಗಿಲ್ಲ.

ಕಿವಿಗೆ ನಾಲ್ಕು ಬೋನ್ ಸಾಕು. ಮೂರಾದರೆ ಬಾಗಿದ ಜಾಗದಲ್ಲಿ ಮೂಲೆ ಎದ್ದು ಕಾಣುತ್ತದೆ. ಆರು ಮಾಡಿದರೆ ಕೀ ಜಾಸ್ತಿ, ಲಾಭ ಕಡಿಮೆ. ಈ ಬೋನ್‌ಗಳ ರೊಟೇಷನ್ ಮೋಡ್ `Quaternion` ಆಗಿದ್ದರೆ ಕೀ ಹಾಕುವ ಮೊದಲೇ `XYZ Euler`ಗೆ ಬದಲಿಸಿ. ಕಿವಿ ಹೆಚ್ಚಾಗಿ ಒಂದೇ ಅಕ್ಷದಲ್ಲಿ ಬಾಗುವುದರಿಂದ, ಆಯ್ಲರ್‌ನಲ್ಲಿ ಒಂದು ಕರ್ವ್ ನೋಡಿದರೆ ಇಡೀ ಚಲನೆ ಓದಬಹುದು. ಕ್ವಾಟರ್ನಿಯನ್‌ನಲ್ಲಿ ನಾಲ್ಕು ಕರ್ವ್ ಸೇರಿ ಒಂದು ತಿರುಗು ಆಗುತ್ತದೆ. ಅದನ್ನು ಕಣ್ಣಿನಿಂದ ಓದಲು ಆಗುವುದಿಲ್ಲ.

## ಮೊದಲನೇ ಕೇಸ್: ಮೊಲದ ಒಂದು ಜಿಗಿತ

ನಮ್ಮ ಮೊಲ ಫ್ರೇಮ್ 9ರಲ್ಲಿ ನೆಲ ಬಿಡುತ್ತದೆ, 19ರಲ್ಲಿ ನೆಲ ಮುಟ್ಟುತ್ತದೆ. ಗಾಳಿಯಲ್ಲಿ 10 ಫ್ರೇಮ್. ಗುರುತ್ವದ ಲೆಕ್ಕದಲ್ಲಿ ಇದು ಸುಮಾರು 21 ಸೆಂಟಿಮೀಟರ್ ಎತ್ತರದ ಜಿಗಿತ. ಮೊಲಕ್ಕೆ ಇದು ಹೊಂದುತ್ತದೆ.

ಇಲ್ಲಿ ತಲೆ ಅಷ್ಟಾಗಿ ತಿರುಗುವುದಿಲ್ಲ. ಮೇಲೆ, ಮುಂದೆ, ಕೆಳಗೆ ಅಂತ ಜಾಗ ಬದಲಿಸುತ್ತದೆ. ಅಂದರೆ ಬುಡ ಸರಿಯುತ್ತಿದೆ. ಹೀಗಿದ್ದಾಗ ಕಿವಿಯನ್ನು ಬಾಗಿಸುವುದೇ ಡ್ರ್ಯಾಗ್. ತಲೆ ಮೇಲಕ್ಕೂ ಮುಂದಕ್ಕೂ ಚಿಮ್ಮಿದರೆ ಕಿವಿ ಹಿಂದಕ್ಕೆ ಬೀಳುತ್ತದೆ. ತಲೆ ಕೆಳಗೆ ಇಳಿಯುವಾಗ ಕಿವಿ ನೆಟ್ಟಗಾಗುತ್ತದೆ. ತಲೆ ತಟ್ಟನೆ ನಿಂತಾಗ ಕಿವಿ ಹಣೆಯ ಮೇಲೆ ಮುಂದಕ್ಕೆ ಬೀಳುತ್ತದೆ.

ಹಿಂದಕ್ಕೆ ಬಾಗುವುದು ಪ್ಲಸ್, ಮುಂದಕ್ಕೆ ಬಾಗುವುದು ಮೈನಸ್ ಅಂತ ಇಟ್ಟುಕೊಳ್ಳೋಣ. ಎಡಗಿವಿಯ ನಾಲ್ಕೂ ಬೋನ್ ಒಟ್ಟಿಗೆ ಆಯ್ಕೆ ಮಾಡಿ, ಪ್ರತಿ ಬೋನ್‌ಗೂ ಈ ಕೋನ ಕೊಟ್ಟು ಕೀ ಹಾಕಿ.

| ಫ್ರೇಮ್ | ದೇಹ ಏನು ಮಾಡುತ್ತಿದೆ | ಪ್ರತಿ ಬೋನ್‌ನ ಕೋನ |
|---|---|---|
| 1 | ನಿಂತಿದೆ | 5° |
| 5 | ಕುಕ್ಕರಿಸಿದೆ | 0° |
| 9 | ನೆಲ ಬಿಟ್ಟಿತು | 20° |
| 14 | ತುತ್ತತುದಿ | 8° |
| 19 | ಪಾದ ನೆಲ ಮುಟ್ಟಿತು | −2° |
| 22 | ಪೂರ್ತಿ ಕುಗ್ಗಿದೆ | −18° |
| 27 | ಮೇಲೇಳುತ್ತಿದೆ | 18° |
| 32 | ನಿಂತಿತು | −2° |
| 37 | ನಿಂತೇ ಇದೆ | 8° |
| 42 | ನಿಂತೇ ಇದೆ | 5° |

ಕೋನ ಕಡಿಮೆ ಆಯಿತು ಅನ್ನಿಸಬಹುದು. ಹಾಗೇನಿಲ್ಲ. ಮಗು ಬೋನ್ ತಾಯಿ ಬೋನ್‌ನ ತಿರುಗನ್ನೂ ಹೊತ್ತುಕೊಳ್ಳುತ್ತದೆ. ಹೀಗಾಗಿ ನಾಲ್ಕು ಬೋನ್‌ಗೆ 20° ಕೊಟ್ಟರೆ ತುದಿ ಒಟ್ಟು 80° ಬಾಗಿರುತ್ತದೆ, ಅಂದರೆ ಹತ್ತಿರ ಹತ್ತಿರ ಮಲಗಿರುತ್ತದೆ. ಒಂದು ಬೋನ್ ನೋಡಿಕೊಂಡು ಕೋನ ನಿರ್ಧರಿಸಿದರೆ ಕಿವಿ ಸುರುಳಿ ಸುತ್ತಿಕೊಳ್ಳುತ್ತದೆ.

ಈ ಪಟ್ಟಿಯ ಕೊನೆಯ ಐದು ಸಾಲು ಇನ್ನೊಮ್ಮೆ ನೋಡಿ. ಕಿವಿ ವಿರಾಮದಲ್ಲಿ ಇರುವ ಕೋನ 5°. ಅಲ್ಲಿಂದ ಅದು 23° ಮುಂದೆ ಹೋಗುತ್ತದೆ, ಆಮೇಲೆ 13° ಹಿಂದೆ, 7° ಮುಂದೆ, 3° ಹಿಂದೆ, ಕೊನೆಗೆ ನಿಲ್ಲುತ್ತದೆ. ಪ್ರತಿ ಸಲವೂ ಹಿಂದಿನದರ ಸುಮಾರು ಅರ್ಧ. ಆದರೆ ಸಮಯ ಬದಲಾಗಿಲ್ಲ, ಪ್ರತಿ ತೂಗಿಗೂ 5 ಫ್ರೇಮ್. ಸೆಟಲ್ ಆಗುವಾಗ ತೂಗು ಚಿಕ್ಕದಾದ ಹಾಗೆ ಬೇಗವೂ ಆಗಬೇಕು ಅಂತ ಹಲವರು 5, 4, 3, 2 ಅಂತ ಫ್ರೇಮ್ ಕಡಿಮೆ ಮಾಡುತ್ತಾರೆ. ಆಗ ಕಿವಿ ಕೊನೆಯಲ್ಲಿ ನಡುಗುತ್ತದೆ. ತೂಗುವ ವಸ್ತುವಿನ ಲಯ ಅದರ ಉದ್ದ ಮತ್ತು ಬಿಗಿಯ ಮೇಲೆ ನಿಂತಿದೆ, ಎಷ್ಟು ದೂರ ತೂಗುತ್ತಿದೆ ಅನ್ನುವುದರ ಮೇಲೆ ಅಲ್ಲ. ಕೋನ ಕುಗ್ಗಲಿ, ಲಯ ಹಾಗೇ ಇರಲಿ.

## ಕೀ ಸರಿಸುವುದು, ಮತ್ತು ಎಷ್ಟು ಸರಿಸಬಾರದು

ಈಗ ಪ್ಲೇ ಮಾಡಿದರೆ ಕಿವಿ ಇಡಿಯಾಗಿ ಬಾಗಿ ಏಳುತ್ತದೆ. ಡೋಪ್ ಶೀಟ್ ತೆರೆಯಿರಿ. ಬುಡದ ಬೋನ್ ಮುಟ್ಟಬೇಡಿ. ಎರಡನೇ ಬೋನ್‌ನ ಎಲ್ಲ ಕೀ ಆಯ್ಕೆ ಮಾಡಿ `G`, `1`, `Enter` ಒತ್ತಿ. ಒಂದು ಫ್ರೇಮ್ ತಡವಾಯಿತು. ಇದೇ ರೀತಿ ಮೂರನೆಯದಕ್ಕೆ 2, ತುದಿಗೆ 4 ಕೊಡಿ.

ಫ್ರೇಮ್ 26ಕ್ಕೆ ಹೋಗಿ ನಿಂತು ನೋಡಿ. ಬುಡದ ಬೋನ್ ಆಗಲೇ ಹಿಂದಕ್ಕೆ ಬಂದು ಸುಮಾರು 14° ಆಗಿದೆ. ಎರಡನೆಯದು 5° ಹತ್ತಿರ ಇದೆ. ಮೂರನೆಯದು ಇನ್ನೂ −5°. ತುದಿ ಈಗಷ್ಟೇ ತನ್ನ −18° ತಲುಪಿದೆ. ಬುಡ ಹಿಂದಕ್ಕೆ, ತುದಿ ಮುಂದಕ್ಕೆ: ಕಿವಿ ‘ಎಸ್’ ಆಕಾರಕ್ಕೆ ಬಂದಿದೆ. ದಿಕ್ಕು ಬದಲಾಗುವ ಪ್ರತಿ ಜಾಗದಲ್ಲೂ ಈ ಆಕಾರ ಒಂದೆರಡು ಫ್ರೇಮ್ ಕಾಣಬೇಕು. ಕಾಣದಿದ್ದರೆ ಓವರ್‌ಲ್ಯಾಪ್ ಸಾಲದು ಅಂತ ಅರ್ಥ. ನಾನು ಈ ಫ್ರೇಮ್‌ನಲ್ಲಿ ತುದಿಯನ್ನು ಮಾತ್ರ −26°ವರೆಗೆ ಒಯ್ಯುತ್ತೇನೆ. ತುದಿ ಹಗುರ, ತೆಳು. ಉಳಿದ ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬಾಗಿದರೆ ಹೆಚ್ಚು ಮೆತ್ತಗೆ ಕಾಣುತ್ತದೆ.

4ರ ಬದಲು 8 ಯಾಕೆ ಅಲ್ಲ? ಒಂದು ತೂಗು 5 ಫ್ರೇಮ್‌ನದು. ತುದಿ ಅದಕ್ಕಿಂತ ತುಂಬಾ ತಡವಾದರೆ, ಬುಡ ಎರಡನೇ ತೂಗಿನಲ್ಲಿ ಇರುವಾಗ ತುದಿ ಇನ್ನೂ ಮೊದಲನೆಯದರಲ್ಲೇ ಇರುತ್ತದೆ. ಒಂದೇ ಕಿವಿಯಲ್ಲಿ ಎರಡು ಮೂರು ಅಲೆ ಒಟ್ಟಿಗೆ ಓಡಿ, ಕಿವಿ ಹುಳದ ಹಾಗೆ ಹರಿದಾಡುತ್ತದೆ. ಬುಡದಿಂದ ತುದಿವರೆಗಿನ ಒಟ್ಟು ತಡ ಒಂದು ತೂಗಿನ ಫ್ರೇಮ್‌ಗಿಂತ ಸ್ವಲ್ಪ ಕಡಿಮೆ ಇರಲಿ. ಎಷ್ಟು ಬೋನ್ ಇದ್ದರೂ ಆ ತಡವನ್ನು ಅವುಗಳ ನಡುವೆ ಹಂಚಿ. ‘ಬೋನ್‌ಗೆ ಎರಡು ಫ್ರೇಮ್’ ಅನ್ನುವ ಬಾಯಿಪಾಠ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆರು ಬೋನ್‌ನ ಚೈನ್‌ಗೆ ಅದು 10 ಫ್ರೇಮ್ ತಡ ಮಾಡಿಬಿಡುತ್ತದೆ.

ಇನ್ನೊಂದು ಸೂಕ್ಷ್ಮ ಫ್ರೇಮ್ 19ರಲ್ಲಿದೆ. ಪಾದ ನೆಲ ಮುಟ್ಟುವ ಮುಂಚೆ ಕಿವಿ ಮುಂದಕ್ಕೆ ಬೀಳಲು ಶುರುವಾಗಬಾರದು. 19ರ ಕೀ ತೆಗೆದು ಹಾಕಿ ನೋಡಿ, ತಪ್ಪು ಕಾಣುತ್ತದೆ: 14ರಿಂದ 22ಕ್ಕೆ ಕರ್ವ್ ನೇರ ಜಾರಿ, ಮೊಲ ಗಾಳಿಯಲ್ಲಿ ಇರುವಾಗಲೇ ಕಿವಿ ಬೀಳುತ್ತದೆ. ನೆಲ ಬರುತ್ತದೆ ಅಂತ ಕಿವಿಗೆ ಮೊದಲೇ ಗೊತ್ತಿತ್ತು ಅನ್ನೋ ಹಾಗೆ. ನೆಲಕ್ಕೆ ಬಡಿದ ತೂಕ ಅಲ್ಲೇ ಕಳೆದುಹೋಗುತ್ತದೆ.

ಮೊಲದ ಕಿವಿಯ ಬುಡದಲ್ಲಿ ಸ್ನಾಯು ಇದೆ, ಮೃದ್ವಸ್ಥಿಯಿಂದ ಕೆಳಭಾಗ ಬಿಗಿಯಾಗಿದೆ. ಹೀಗಾಗಿ ಕೊನೆಗೆ ಬುಡದ ಬೋನ್‌ನ ಏರಿಳಿತವನ್ನು ಸ್ವಲ್ಪ ತಗ್ಗಿಸಿ. 20° ಇದ್ದದ್ದು 14° ಆಗಲಿ, −18° ಇದ್ದದ್ದು −10° ಆಗಲಿ. ಮೊಲ ಏನನ್ನೋ ಕೇಳಿ ಕಿವಿ ನಿಮಿರಿಸುವ ಶಾಟ್ ಆದರೆ ಕಥೆ ಬೇರೆ. ಅಲ್ಲಿ ಬುಡ ತಲೆಗಿಂತ ಒಂದೆರಡು ಫ್ರೇಮ್ ಮೊದಲೇ ಹೊರಡುತ್ತದೆ, ಮೇಲಿನ ಮೂರು ಬೋನ್ ಮಾತ್ರ ಡ್ರ್ಯಾಗ್ ಆಗುತ್ತವೆ.

## ಬುಡ ತಿರುಗಿದರೆ: ಎದುರು ಕೀ

ಈಗ ಅದೇ ಮೊಲ ನಿಂತಲ್ಲೇ ತಲೆಯನ್ನು ಬಲ ಭುಜದ ಕಡೆ 30° ವಾಲಿಸುತ್ತದೆ ಅಂದುಕೊಳ್ಳಿ. ಫ್ರೇಮ್ 1ರಲ್ಲಿ ಹೊರಟು 7ರಲ್ಲಿ ನಿಲ್ಲುತ್ತದೆ. ಕಿವಿಗೆ ಕೀ ಹಾಕದಿದ್ದರೂ ಅದು ತಲೆಯ ಜೊತೆ 30° ವಾಲುತ್ತದೆ, ರಿಗ್ ಇರುವುದೇ ಹಾಗೆ. ಇಲ್ಲಿ ಕೀ ಸರಿಸುವ ಉಪಾಯ ನಡೆಯುವುದಿಲ್ಲ. ತುದಿಯ ಬೋನ್ ತಡವಾಗಿ ಹೊರಡುತ್ತದೆ ಅಂದರೆ ಅಷ್ಟು ಹೊತ್ತು ಅದು ತನ್ನ ತಾಯಿ ಬೋನ್‌ಗೆ ನೇರವಾಗಿ ನಿಂತಿರುತ್ತದೆ ಅಂತ. ತಾಯಿ ಓಡುತ್ತಿದ್ದರೆ ತುದಿಯೂ ಅಷ್ಟೇ ಬೇಗ ಓಡುತ್ತದೆ. ಹಿಂದೆ ಉಳಿಯುವ ಮಾತೇ ಇಲ್ಲ.

ತುದಿ ನಿಜವಾಗಿ ಹಿಂದೆ ಉಳಿಯಬೇಕಾದರೆ ಅದನ್ನು ಎದುರು ದಿಕ್ಕಿಗೆ ತಿರುಗಿಸಬೇಕು. ತಲೆ ಜೋರಾಗಿ ಓಡುತ್ತಿರುವುದು ಫ್ರೇಮ್ 4ರಲ್ಲಿ. ಅಲ್ಲಿ ಮೇಲಿನ ಮೂರು ಬೋನ್‌ಗೆ ತಲಾ 6° ಎಡಕ್ಕೆ ಕೊಡಿ. ತಲೆ ಅಷ್ಟು ಹೊತ್ತಿಗೆ ಬಲಕ್ಕೆ 15° ಹೋಗಿರುತ್ತದೆ, ಕಿವಿ ಎಡಕ್ಕೆ ಒಟ್ಟು 18° ಬಾಗಿರುತ್ತದೆ. ಹೀಗಾಗಿ ತುದಿ ಇನ್ನೂ ಮೇಲಕ್ಕೇ ನೋಡುತ್ತಿರುತ್ತದೆ. ಫ್ರೇಮ್ 8ರಲ್ಲಿ ಸೊನ್ನೆಗೆ ತನ್ನಿ. 11ರಲ್ಲಿ ಬಲಕ್ಕೆ 4° ದಾಟಿಸಿ. ಅಲ್ಲಿಂದ ಸೆಟಲ್ ಮೊದಲಿನ ಹಾಗೆಯೇ. ಇದಾದ ಮೇಲೆ ಬೋನ್‌ಗಳನ್ನು ಒಂದೊಂದು ಫ್ರೇಮ್ ಸರಿಸಿದರೆ ಓವರ್‌ಲ್ಯಾಪ್ ಬರುತ್ತದೆ.

ಬುಡ ಸರಿಯುತ್ತಾ ತಿರುಗುತ್ತಲೂ ಇರುವ ಶಾಟ್‌ಗಳೇ ಜಾಸ್ತಿ. ಆಗ ಮೊದಲು ತಿರುಗಿಗೆ ಎದುರು ಕೀ ಹಾಕಿ ಕಿವಿಯನ್ನು ತಲೆಯಿಂದ ಬಿಡಿಸಿಕೊಳ್ಳಿ, ಆಮೇಲೆ ಬುಡ ಸರಿಯುವುದಕ್ಕೆ ತಕ್ಕ ಹಾಗೆ ಬಾಗಿಸಿ.

## ಜಡೆ: ತೂಗುವ ವಸ್ತುವಿನ ಲೆಕ್ಕ

ನಿಮಿರಿದ ಕಿವಿ ತನ್ನ ಬಿಗಿಯಿಂದ ವಾಪಸ್ ಬರುತ್ತದೆ. ಜಡೆಯನ್ನು ವಾಪಸ್ ತರುವುದು ಭೂಮಿಯ ಸೆಳೆತ. ಜೋಲುಗಿವಿಯ ಮೊಲಕ್ಕೂ ಜಡೆಯ ಲೆಕ್ಕವೇ ಸರಿ.

ಜಡೆಯ ಮೊದಲ ಬೋನ್ ಆಯ್ಕೆ ಮಾಡಿ, ಬೋನ್ ಪ್ರಾಪರ್ಟೀಸ್‌ನ `Relations` ಭಾಗದಲ್ಲಿ `Inherit Rotation` ತೆಗೆದುಬಿಡಿ. ಟಿಕ್ ಹಾಗೇ ಇದ್ದರೆ ಏನಾಗುತ್ತದೆ ಗೊತ್ತಾ? ಹುಡುಗಿ ತಲೆ ಬಗ್ಗಿಸಿ 30° ಕೆಳಗೆ ನೋಡಿದಳು ಅಂದರೆ ಜಡೆಯೂ ಬೆನ್ನಿನಿಂದ 30° ಎದ್ದು ಗಾಳಿಯಲ್ಲಿ ನಿಲ್ಲುತ್ತದೆ. ಅದನ್ನು ಪ್ರತಿ ಫ್ರೇಮ್‌ನಲ್ಲೂ ಕೈಯಿಂದ ಇಳಿಸುತ್ತಾ ಕೂರಬೇಕು. ಟಿಕ್ ತೆಗೆದರೆ ಜಡೆ ತಲೆಯ ಜಾಗವನ್ನು ಮಾತ್ರ ಹಿಂಬಾಲಿಸಿ, ತಾನು ನೇರ ಕೆಳಗೆ ಇಳಿಬಿದ್ದಿರುತ್ತದೆ. ತಲೆ ತುಂಬಾ ದೂರ ತಿರುಗುವ ಶಾಟ್‌ನಲ್ಲಿ ಬುಡ ತಿರುಚಿದ ಹಾಗೆ ಕಂಡರೆ, ಆ ಅಕ್ಷದಲ್ಲಿ ಮಾತ್ರ ಸ್ವಲ್ಪ ತಿರುಗು ಕೈಯಾರೆ ಸೇರಿಸಿ. ಇದನ್ನೂ ಅನಿಮೇಷನ್ ಶುರುವಾಗುವ ಮುಂಚೆಯೇ ಮಾಡಿ. ಕೀ ಹಾಕಿದ ಮೇಲೆ ಬದಲಿಸಿದರೆ ಎಲ್ಲ ಪೋಸ್ ಜಿಗಿಯುತ್ತವೆ.

ತೂಗು ಎಷ್ಟು ಫ್ರೇಮ್‌ನದು? ಇದನ್ನು ಊಹಿಸಬೇಕಿಲ್ಲ. ಅರ್ಧ ಮೀಟರ್ ಉದ್ದದ ಜಡೆ ಹಗ್ಗದ ಹಾಗೆ ಮುಕ್ತವಾಗಿ ಇಳಿಬಿದ್ದಿದ್ದರೆ, ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬರಲು ಸುಮಾರು 1.2 ಸೆಕೆಂಡು ಬೇಕು. ಅಂದರೆ 28 ಫ್ರೇಮ್, ಒಂದು ಕಡೆಯ ತೂಗಿಗೆ 14. ಉದ್ದ ನಾಲ್ಕು ಪಟ್ಟಾದರೆ ಸಮಯ ಎರಡು ಪಟ್ಟಾಗುತ್ತದೆ. 30 ಸೆಂಟಿಮೀಟರ್ ಜಡೆಗೆ ಒಂದು ಕಡೆಗೆ 11 ಫ್ರೇಮ್ ಬರುತ್ತದೆ. ಮೊಲದ ಕಿವಿಯ 5 ಫ್ರೇಮ್ ಲಯವನ್ನೇ ಉದ್ದ ಜಡೆಗೂ ಹಾಕಿದರೆ ಪಾತ್ರ ಗೊಂಬೆಯಷ್ಟು ಚಿಕ್ಕದಾಗಿ ಕಾಣುತ್ತದೆ. ನಿಮ್ಮ ಪಾತ್ರದ ಎತ್ತರ ನೋಡುವವರಿಗೆ ತಿಳಿಯುವುದು ಇಂಥ ಲಯದಿಂದಲೂ ಹೌದು.

ಹುಡುಗಿ ಯಾರೋ ಕರೆದರು ಅಂತ ಎಡಕ್ಕೆ ತಿರುಗುತ್ತಾಳೆ, ಫ್ರೇಮ್ 10ರಿಂದ 18. ಮುಖ ಎಡಕ್ಕೆ ಹೋದರೆ ತಲೆಯ ಹಿಂಭಾಗ ಬಲಕ್ಕೆ ಹೋಗುತ್ತದೆ. ಜಡೆಯ ಬುಡ ಇರುವುದು ಅಲ್ಲೇ, ಅಲ್ವಾ? ಆದ್ದರಿಂದ ತುದಿ ಎಡಕ್ಕೆ ಹಿಂದೆ ಉಳಿಯುತ್ತದೆ. ದಿಕ್ಕು ತಪ್ಪುವುದು ತುಂಬಾ ಸುಲಭ, ಮುಖ ನೋಡಿಕೊಂಡು ಜಡೆಗೆ ಕೀ ಹಾಕಬೇಡಿ. ಕ್ಯಾಮೆರಾವನ್ನು ಪಾತ್ರದ ಬೆನ್ನ ಹಿಂದೆ ಇಟ್ಟುಕೊಂಡೇ ಕೆಲಸ ಮಾಡಿ.

ಐದು ಬೋನ್‌ಗೂ ಫ್ರೇಮ್ 10ರಲ್ಲಿ 0°, 15ರಲ್ಲಿ ಎಡಕ್ಕೆ 9°, 29ರಲ್ಲಿ ಬಲಕ್ಕೆ 5°, 43ರಲ್ಲಿ ಎಡಕ್ಕೆ 2°, 57ರಲ್ಲಿ 0°. ಎರಡನೇ ಬೋನ್‌ನಿಂದ ಶುರುಮಾಡಿ ಒಂದೊಂದಕ್ಕೂ 2 ಫ್ರೇಮ್ ಹೆಚ್ಚಿಸುತ್ತಾ ಹೋಗಿ, ತುದಿಗೆ ಒಟ್ಟು 8. ತೂಗು 14 ಫ್ರೇಮ್‌ನದು, ಹಾಗಾಗಿ ಇಷ್ಟು ತಡ ಇಲ್ಲಿ ನಡೆಯುತ್ತದೆ. ಜಡೆ ಬೆನ್ನಿಗೆ ಉಜ್ಜುವುದರಿಂದ ಮುಕ್ತವಾದ ಹಗ್ಗಕ್ಕಿಂತ ಬೇಗ ನಿಲ್ಲುತ್ತದೆ, ಅದಕ್ಕೇ ಮೂರನೇ ತೂಗು ಅಷ್ಟು ಚಿಕ್ಕದು. ತುದಿಯಲ್ಲಿ ಕುಚ್ಚು ಇದ್ದರೆ ಅದು ಭಾರ. ಆಗ ತುದಿಯ ಬೋನ್ ಜಾಸ್ತಿ ಬಾಗಬಾರದು, ಜಡೆಯ ನಡುಭಾಗ ಬಾಗಬೇಕು. ಬಿಟ್ಟ ಕೂದಲಿನ ತುದಿ ಇದಕ್ಕೆ ತದ್ವಿರುದ್ಧ.

ಜಡೆ ಭುಜದೊಳಗೆ ನುಗ್ಗುವುದು ಕಂಡರೆ ಮೊದಲ ಎರಡು ಬೋನ್‌ಗಳನ್ನು ಬೆನ್ನಿನಿಂದ ನಾಲ್ಕೈದು ಡಿಗ್ರಿ ಆಚೆಗೆ ಎತ್ತಿ. ತುದಿಯನ್ನು ಎತ್ತಿ ಸರಿಪಡಿಸಲು ಹೋದರೆ ಅಲ್ಲೊಂದು ಮುರುಕು ಬರುತ್ತದೆ.

## ಕಣ್ಣಿಗೆ ಬೀಳದ ತಪ್ಪು ಹುಡುಕುವುದು

ಪೋಸ್ ಮೋಡ್‌ನಲ್ಲಿ ತುದಿಯ ಬೋನ್ ಆಯ್ಕೆ ಮಾಡಿ, `Pose` ಮೆನುವಿನ `Motion Paths`ನಲ್ಲಿ ದಾರಿ ಲೆಕ್ಕ ಹಾಕಿಸಿ. ತುದಿ ನಡೆದ ದಾರಿ ಪರದೆಯ ಮೇಲೆ ಚುಕ್ಕಿಗಳಾಗಿ ಬರುತ್ತದೆ. ಚುಕ್ಕಿಗಳು ನಯವಾದ ಬಾಗಿನಲ್ಲಿ ಕೂತಿರಬೇಕು. ಎಲ್ಲಾದರೂ ಚೂಪು ಮೂಲೆ ಇದ್ದರೆ ಆ ಫ್ರೇಮ್‌ನಲ್ಲಿ ಯಾವುದೋ ಒಂದು ಬೋನ್ ತಪ್ಪಿದೆ. ಜಡೆಯ ಹಾಗೆ ಮೆಲ್ಲಗೆ ತೂಗುವ ವಸ್ತುವಿನಲ್ಲಿ ತಿರುಗುವ ಜಾಗದ ಚುಕ್ಕಿಗಳು ಹತ್ತಿರ ಹತ್ತಿರ, ನಡುವಿನವು ದೂರ ದೂರ ಇರಬೇಕು. ಎಲ್ಲವೂ ಸಮಾನ ದೂರದಲ್ಲಿದ್ದರೆ ಅದಕ್ಕೆ ತೂಕವೇ ಇರುವುದಿಲ್ಲ.

ಪ್ಲೇಬ್ಲಾಸ್ಟ್, ಅಂದರೆ ವ್ಯೂಪೋರ್ಟ್‌ನ ವಿಡಿಯೋ, ತೆಗೆದು ಪೂರ್ತಿ ವೇಗದಲ್ಲಿ ನೋಡಿ. ವ್ಯೂಪೋರ್ಟ್ ನಿಧಾನಕ್ಕೆ ಓಡಿದರೆ ಕಿವಿ ಎಂದೂ ಸರಿಯಾಗಿ ಕಾಣುವುದಿಲ್ಲ, ನೀವು ತಪ್ಪು ಜಾಗದಲ್ಲಿ ಫ್ರೇಮ್ ಕಡಿಮೆ ಮಾಡುತ್ತೀರಿ. ಕಣ್ಣು ಪಾತ್ರದ ಮುಖ ಬಿಟ್ಟು ಕಿವಿಯ ಕಡೆ ಹೋಗುತ್ತಿದ್ದರೆ ಎಲ್ಲ ಕೋನಗಳನ್ನೂ ಕಾಲು ಭಾಗ ತಗ್ಗಿಸಿ. ಮುಖ್ಯ ಅಭಿನಯ ಮುಖದಲ್ಲಿ ಇರುವ ಶಾಟ್‌ನಲ್ಲಿ ಸಣ್ಣ ತೂಗೇ ಸಾಕು.

ಬಲಗಿವಿ ಕೊನೆಗೆ ಮಾಡಿ. ಎಡಗಿವಿಯ ಕೀಗಳನ್ನು ಕಾಪಿ ಮಾಡಿ ಹಾಗೇ ಬಿಟ್ಟರೆ ಎರಡೂ ಕೂಡಿಯೇ ಬಿದ್ದು ಕೂಡಿಯೇ ಏಳುತ್ತವೆ. ಬಲಗಿವಿಯನ್ನು ಒಂದು ಫ್ರೇಮ್ ತಡ ಮಾಡಿ, ಸೆಟಲ್ ಭಾಗದ ಕೋನಗಳನ್ನು ಸ್ವಲ್ಪ ಕಡಿಮೆ ಮಾಡಿ. ನೆಲಕ್ಕೆ ಬಂದ ಒಂದೇ ಏಟಿಗೆ ಎರಡೂ ಕಿವಿ ಅಲುಗಿದ್ದು, ಹಾಗಾಗಿ ಇದಕ್ಕಿಂತ ಹೆಚ್ಚು ಅಂತರ ಬೇಡ.

## ಲಂಗದ ಅಂಚು

ಬಟ್ಟೆಗೆ ಸಿಮ್ಯುಲೇಷನ್ ಇದೆ, ಮಡಿಕೆ ಮಡಿಕೆಯಾಗಿ ಬೀಳುವ ಬಟ್ಟೆಗೆ ಅದನ್ನೇ ಬಳಸಿ. ಆದರೆ ಗೇಮ್‌ಗೋ ಸರಳ ಶೈಲಿಯ ಸರಣಿಗೋ ಆದರೆ ಸೊಂಟದ ಸುತ್ತ ಎಂಟು ಚೈನ್, ಒಂದೊಂದರಲ್ಲಿ ಮೂರು ಬೋನ್ ಇಟ್ಟು ಕೈಯಿಂದಲೇ ಮಾಡಬಹುದು.

ಲಂಗಕ್ಕೆ ಎರಡು ಕಡೆಯಿಂದ ಎಳೆತ ಇದೆ. ಸೊಂಟ ಮೇಲಿನಿಂದ, ಮಂಡಿ ಒಳಗಿನಿಂದ. ಮಂಡಿ ತಾಗುವ ಚೈನ್‌ಗೆ ಡ್ರ್ಯಾಗ್ ಹಾಕಬೇಡಿ, ಅಲ್ಲಿ ಬಟ್ಟೆ ಕಾಲಿನ ಜೊತೆಗೇ ಹೋಗಬೇಕು, ಇಲ್ಲದಿದ್ದರೆ ಮಂಡಿ ಬಟ್ಟೆ ತೂರಿ ಆಚೆ ಬರುತ್ತದೆ. ಮಂಡಿ ಹಿಂದಕ್ಕೆ ಹೋದ ಮೇಲೆ ಮಾತ್ರ ಆ ಚೈನ್ ಬಿಡುಗಡೆಯಾಗಿ ತೂಗುತ್ತದೆ. ಉಳಿದ ಚೈನ್‌ಗಳು ಸೊಂಟದ ಏರಿಳಿತವನ್ನು ಹಿಂಬಾಲಿಸುತ್ತವೆ. 24 ಫ್ರೇಮ್‌ನ ನಡಿಗೆಯಲ್ಲಿ ಸೊಂಟ ಫ್ರೇಮ್ 4 ಮತ್ತು 16ರಲ್ಲಿ ತೀರಾ ಕೆಳಗಿದ್ದರೆ, ಅಂಚು ಹೊರಕ್ಕೆ ಅರಳುವುದು 6, 7 ಮತ್ತು 18, 19ರ ಸುಮಾರಿಗೆ. ಸೊಂಟ ಮೇಲೇರಿದ ಮೇಲೆ ಅಂಚು ಒಳಕ್ಕೆ ಸೇರುತ್ತದೆ.

ನಡಿಗೆ ಲೂಪ್ ಆಗಿರುವುದರಿಂದ ಕೀ ಸರಿಸುವ ಮುಂಚೆ ಗ್ರಾಫ್ ಎಡಿಟರ್‌ನಲ್ಲಿ ಕರ್ವ್‌ಗಳನ್ನು ಆಯ್ಕೆ ಮಾಡಿ `Shift+E` ಒತ್ತಿ `Make Cyclic` ಕೊಡಿ. ಇಲ್ಲದಿದ್ದರೆ ಸರಿಸಿದ ಕೀ ಕೊನೆಯ ಫ್ರೇಮ್ ದಾಟಿ ಹೋಗಿ, ಮೊದಲ ಫ್ರೇಮ್‌ಗಳಲ್ಲಿ ಅಂಚು ಸುಮ್ಮನೆ ನಿಂತು, ಪ್ರತಿ ಸುತ್ತಿನಲ್ಲೂ ಒಂದು ಜಿಗಿತ ಕಾಣುತ್ತದೆ. ಮೊದಲ ಕೀಯ ಮತ್ತು ಕೊನೆಯ ಕೀಯ ಬೆಲೆ ಒಂದೇ ಇರಲಿ, ಲೂಪ್‌ನ ಉದ್ದಕ್ಕೆ ಸರಿಯಾಗಿ 24 ಫ್ರೇಮ್ ಅಂತರದಲ್ಲಿರಲಿ.

ಜರಿ ಅಂಚಿನ ರೇಷ್ಮೆ ಲಂಗಕ್ಕೆ ಕೋನ ಕಡಿಮೆ ಇಡಿ. ಅಂಚು ಭಾರವಾಗಿರುವುದರಿಂದ ಅದು ಅರಳುವುದಕ್ಕಿಂತ ಹೆಚ್ಚಾಗಿ ಇಡಿಯಾಗಿ ಆಚೀಚೆ ಹೊರಳುತ್ತದೆ, ಕಾಲು ನಿಂತ ಮೇಲೆ ಒಂದೇ ಸಲ ವಾಪಸ್ ಬಂದು ನಿಲ್ಲುತ್ತದೆ. ತೆಳು ಹತ್ತಿಯದಾದರೆ ಗಾಳಿ ಅದನ್ನು ಹಿಡಿಯುತ್ತದೆ: ಅರಳುವುದು ಬೇಗ, ಇಳಿಯುವುದು ನಿಧಾನ. ಅದಕ್ಕೆ ಏರುವ ಕರ್ವ್ ಕಡಿದಾಗಿರಲಿ, ಇಳಿಯುವ ಕರ್ವ್ ಅದರ ಎರಡರಷ್ಟು ಫ್ರೇಮ್ ತೆಗೆದುಕೊಳ್ಳಲಿ.